ಮಿರಗದ ಮಳೆಗೆ ಮುನ್ನ: ತುಂಬಿಟ್ಟ ನೀರನ್ನು ಕುದಿಸಬೇಕೋ, ಕ್ಲೋರಿನ್ ಹಾಕಬೇಕೋ?

ಹಿರಿಯರೇ, ಅವ್ವಂದಿರೇ, ಅಕ್ಕ-ತಂಗಿಯರೇ, ಹೊಲದ ಕೆಲಸ ಮುಗಿಸಿ ನೇರವಾಗಿ ಈ ಗುಡಿಯ ಕಟ್ಟೆಗೆ ಬಂದಿರುವ ಅಣ್ಣಂದಿರೇ,

ರೋಹಿಣಿ ಮಳೆ ನಾಲ್ಕು ಹನಿ ಉದುರಿಸಿ ಹೋಗಿದೆ, ಇನ್ನು ಮಿರಗ ಕೂಡುವುದಕ್ಕೆ ಹೆಚ್ಚು ದಿನ ಉಳಿದಿಲ್ಲ. ಯಾದಗಿರಿ ಜಿಲ್ಲೆಯ ಈ ಭಾಗದಲ್ಲಿ ಆಶಾ ಕಾರ್ಯಕರ್ತೆಯಾಗಿ ಓಡಾಡುವ ನಾನು ಪ್ರತಿ ವರ್ಷ ಈ ಹೊತ್ತಿನಲ್ಲಿ ಮನೆಮನೆಗೆ ಬಂದು "ನೀರು ಕುದಿಸಿ ಆರಿಸಿ ಕುಡಿಯಿರಿ, ಇಲ್ಲವಾದರೆ ಕ್ಲೋರಿನ್ ಮಾತ್ರೆ ಹಾಕಿರಿ" ಎಂದು ಹೇಳಿ ಹೋಗುತ್ತಿದ್ದೆ. ಎರಡರಲ್ಲಿ ಯಾವುದನ್ನು ಯಾವ ಮನೆಯವರು ಮಾಡಬೇಕು, ಏಕೆ ಮಾಡಬೇಕು ಎಂದು ನಾನು ಬಿಡಿಸಿ ಹೇಳಲಿಲ್ಲ. ಅದು ನನ್ನ ತಪ್ಪು. ಇಂದು ಅದನ್ನು ಸಾವಕಾಶವಾಗಿ ಹೇಳುತ್ತೇನೆ. ಈ ಎರಡು ದಾರಿಗಳಲ್ಲಿ ಒಂದು ಒಳ್ಳೆಯದು, ಇನ್ನೊಂದು ಕೆಟ್ಟದ್ದು ಎಂಬುದಿಲ್ಲ. ನೀವು ನೀರನ್ನು ಯಾವ ಪಾತ್ರೆಯಲ್ಲಿ ಇಡುತ್ತೀರಿ, ಎಷ್ಟು ಹೊತ್ತು ಇಡುತ್ತೀರಿ, ಅದರೊಳಗೆ ಯಾರ ಕೈ ಹೋಗುತ್ತದೆ ಎಂಬುದನ್ನು ನೋಡಿ ನಿಮಗೆ ತಕ್ಕದ್ದನ್ನು ಆರಿಸಿಕೊಳ್ಳಬೇಕಾಗುತ್ತದೆ.

ಹೋದ ವರ್ಷದ ಮಳೆಗಾಲದಲ್ಲಿ ನಡೆದ ಒಂದು ಸಂಗತಿಯಿಂದಲೇ ಆರಂಭಿಸುತ್ತೇನೆ. ನಮ್ಮೂರಿನ ಒಂದು ಮನೆಯಲ್ಲಿ ಮೂರು ವರ್ಷದ ಮಗುವಿಗೆ ವಾಂತಿ-ಭೇದಿ ಆಯಿತು. ನಾನು ಹೋದಾಗ ಆ ತಾಯಿ ಕಣ್ಣಲ್ಲಿ ನೀರು ತಂದುಕೊಂಡು ಕೇಳಿದಳು: "ಅಕ್ಕಾ, ನೀ ಹೇಳಿದಂಗ ದಿನಾ ಕುದಿಸಿದ ನೀರೇ ಕುಡಸ್ತೀನಿ. ಆದ್ರೂ ಕೂಸಿಗಿ ಯಾಕ ಹಿಂಗ ಆಯ್ತು?" ಅವಳು ಸುಳ್ಳು ಹೇಳುವ ಹೆಣ್ಣುಮಗಳಲ್ಲ. ಒಲೆಯ ಪಕ್ಕದಲ್ಲಿ ನೀರು ಕುದಿಸುವ ಪಾತ್ರೆ ಇತ್ತು, ಅದರ ಒಳಮೈಗೆ ನಮ್ಮ ಬೋರ್‌ವೆಲ್ಲಿನ ಗಡಸು ನೀರು ದಿನವೂ ಕುದಿದು ಬಿಟ್ಟ ಬಿಳಿ ಸುಣ್ಣದ ಪದರವೂ ಇತ್ತು. ಮಗುವಿಗೆ ಓಆರ್‌ಎಸ್ ಕುಡಿಸಲು ಆರಂಭಿಸಿ, ಮರುದಿನ ನಾನು ಪಂಚಾಯಿತಿಯಿಂದ ನೀರು ಪರೀಕ್ಷಿಸುವ ಎರಡು ಚಿಕ್ಕ ಬಾಟಲಿಗಳನ್ನು ತೆಗೆದುಕೊಂಡು ಹೋದೆ. ಅದರೊಳಗೆ ಮೊದಲೇ ಔಷಧ ಹಾಕಿರುತ್ತಾರೆ. ಗುರುತಿನ ಗೆರೆಯವರೆಗೆ ನೀರು ತುಂಬಿ, ಮುಚ್ಚಳ ಬಿಗಿದು, ಮನೆಯೊಳಗೆ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟರೆ, ನೀರಿನಲ್ಲಿ ಮಲದ ಅಂಶ ಸೇರಿದ್ದರೆ ಅದು ಕಪ್ಪಾಗುತ್ತದೆ. ಒಂದು ಬಾಟಲಿಗೆ ಕುದಿಸಿದ ಪಾತ್ರೆಯಿಂದಲೇ, ನೀರು ಆರಿದ ಕೂಡಲೇ ತುಂಬಿದೆ. ಇನ್ನೊಂದಕ್ಕೆ ಹಿಂದಿನ ದಿನ ಕುದಿಸಿ ರಂಜಣಗಿಗೆ ಸುರಿದಿಟ್ಟ ನೀರನ್ನು ತುಂಬಿದೆ. ಎರಡನೆಯ ದಿನ ನೋಡಿದಾಗ ಮೊದಲನೆಯದು ಇದ್ದ ಬಣ್ಣದಲ್ಲೇ ಇತ್ತು, ಎರಡನೆಯದು ಕಾಡಿಗೆಯಂತೆ ಕಪ್ಪಾಗಿತ್ತು.

ಅಂದರೆ ಆ ತಾಯಿ ಕುದಿಸಿದ್ದು ಸರಿಯಾಗಿಯೇ ಇತ್ತು, ನೀರು ಕೆಟ್ಟದ್ದು ಆಮೇಲೆ. ರಂಜಣಗಿಯ ಬಾಯಿ ಅಗಲವಾಗಿತ್ತು, ಮೇಲೆ ಒಂದು ತಟ್ಟೆ ಮುಚ್ಚಿತ್ತು, ತಟ್ಟೆಯ ಮೇಲೆ ಒಂದು ಸ್ಟೀಲ್ ಗ್ಲಾಸ್ ಬೋರಲು ಇತ್ತು. ಮನೆಯಲ್ಲಿ ಯಾರಿಗೆ ಬಾಯಾರಿಕೆಯಾದರೂ ಅದೇ ಗ್ಲಾಸನ್ನು ಮುಳುಗಿಸುವುದು, ಗ್ಲಾಸಿನ ಜೊತೆಗೆ ಬೆರಳುಗಳೂ ಮುಳುಗುವುದು. ದನದ ಕೊಟ್ಟಿಗೆಯಿಂದ ಬಂದ ಕೈ, ಮಗುವಿನ ಹೊಲಸು ತೊಳೆದ ಕೈ, ಮಣ್ಣಲ್ಲಿ ಆಡಿ ಬಂದ ಹುಡುಗನ ಕೈ ಎಲ್ಲವೂ ಅದರೊಳಗೆ ಹೋಗಿಬಂದಿದ್ದವು. ಕುದಿಸಿದ ನೀರಿನ ದೊಡ್ಡ ಕೊರತೆ ಇದೇ: ಕುದಿಯುವಾಗ ಅದರಲ್ಲಿದ್ದ ರೋಗಾಣುಗಳೆಲ್ಲ ಸಾಯುತ್ತವೆ, ಆದರೆ ಆಮೇಲೆ ಬಂದು ಬೀಳುವ ರೋಗಾಣುವನ್ನು ತಡೆಯಲು ಆ ನೀರಿನಲ್ಲಿ ಏನೂ ಉಳಿದಿರುವುದಿಲ್ಲ. ಕ್ಲೋರಿನ್ ಹಾಕಿದ ನೀರಿನಲ್ಲಾದರೆ ಸ್ವಲ್ಪ ಕ್ಲೋರಿನ್ ಖರ್ಚಾಗದೆ ಮಿಕ್ಕಿರುತ್ತದೆ, ಬೆರಳಿನಿಂದ ಬಂದದ್ದನ್ನೂ ಅದು ಕೊಲ್ಲುತ್ತದೆ. ನನ್ನ ಮಾತೆಲ್ಲ ಮುಂದೆ ಈ ವ್ಯತ್ಯಾಸದ ಸುತ್ತಲೇ ಇರುತ್ತದೆ.

ಮಳೆಗಾಲದ ಮೊದಲೇ ಏಕೆ ಎಂದು ನೀವು ಕೇಳಬಹುದು. ಬೇಸಿಗೆಯುದ್ದಕ್ಕೂ ಬಯಲಲ್ಲಿ, ಹಳ್ಳದ ದಂಡೆಯಲ್ಲಿ, ತಿಪ್ಪೆಯಲ್ಲಿ ಬಿದ್ದದ್ದನ್ನೆಲ್ಲ ಮೊದಲ ದೊಡ್ಡ ಮಳೆ ತೊಳೆದು ತೆರೆದ ಬಾವಿಗೂ, ಬೋರ್‌ವೆಲ್ಲಿನ ಸುತ್ತ ನಿಂತ ಗುಂಡಿಗೂ ತರುತ್ತದೆ. ನಳದ ನೀರೂ ಇದರಿಂದ ಪಾರಾಗುವುದಿಲ್ಲ. ನಮ್ಮಲ್ಲಿ ನಳ ದಿನವಿಡೀ ಬರುವುದಿಲ್ಲ. ನೀರು ನಿಂತ ಮೇಲೆ ಪೈಪು ಖಾಲಿಯಾಗುತ್ತದೆ, ಖಾಲಿ ಪೈಪಿನ ಒಡಕು ಜೋಡಣೆಯ ಮೇಲೆ ಚರಂಡಿಯ ನೀರು ನಿಂತಿದ್ದರೆ ಅದು ಒಳಗೆ ಜಗ್ಗಿಕೊಳ್ಳುತ್ತದೆ, ಮರುದಿನ ನಳ ಬಿಟ್ಟಾಗ ಮೊದಲು ಬರುವುದು ಅದೇ. ಆದ್ದರಿಂದ ನೀರುಗಂಟಿ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿದ್ದಾನೆ ಎಂಬ ನಂಬಿಕೆಯ ಮೇಲೆಯೇ ಕುಳಿತುಕೊಳ್ಳುವಂತಿಲ್ಲ. ಅವನು ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕದಲ್ಲಿ, ಅಂದರೆ 50,000 ಲೀಟರಿನ ಟ್ಯಾಂಕಿಗೆ 125 ಗ್ರಾಂ ಒಳ್ಳೆಯ ಪುಡಿಯನ್ನು ಕಲಸಿ ಹಾಕಿದ್ದರೂ, ಆ ಕ್ಲೋರಿನ್ ಪೈಪಿನ ಕೊಳೆಯೊಂದಿಗೆ ಹೋರಾಡುತ್ತಲೇ ಖರ್ಚಾಗಿ ಕೊನೆಯ ಓಣಿಯ ನಳಕ್ಕೆ ಬರುವಷ್ಟರಲ್ಲಿ ಉಳಿಯದೆ ಹೋಗಬಹುದು. ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎಂಬುದು ನಮ್ಮ ದೇಶದ ಮಾನದಂಡ. ನಳದಲ್ಲಿ ಅಷ್ಟು ಇದ್ದರೂ, ಮನೆಯಲ್ಲಿ ಎರಡು-ಮೂರು ದಿನ ತುಂಬಿಟ್ಟಾಗ ಅದು ಇಲ್ಲವಾಗುತ್ತದೆ.

ಮೊದಲು ಕುದಿಸುವುದರ ಬಗ್ಗೆ ಹೇಳುತ್ತೇನೆ. ಕಾಲರಾ, ಟೈಫಾಯ್ಡ್, ಕಾಮಾಲೆ, ಆಮಶಂಕೆ ತರುವ ಯಾವ ರೋಗಾಣುವೂ ಕುದಿಯುವ ನೀರಿನಲ್ಲಿ ಬದುಕುವುದಿಲ್ಲ. ನೀರು ರಾಡಿಯಾಗಿದ್ದರೂ ಕುದಿಸುವುದು ಕೆಲಸ ಮಾಡುತ್ತದೆ. ಕ್ಲೋರಿನ್ನಿಗೆ ಬಗ್ಗದ ಕೆಲವು ಗಟ್ಟಿ ಚಿಪ್ಪಿನ ಸೂಕ್ಷ್ಮಜೀವಿಗಳೂ ಇದಕ್ಕೆ ಬಗ್ಗುತ್ತವೆ. ಕೊಲ್ಲುವ ಶಕ್ತಿಯೊಂದನ್ನೇ ಅಳೆಯುವುದಾದರೆ ಕುದಿಸುವುದೇ ಮೇಲು. ಆದರೆ ಕುದಿಸುವುದೆಂದರೆ ಏನು ಎಂಬಲ್ಲಿ ನಮ್ಮ ಮನೆಗಳಲ್ಲಿ ಎರಡು ಬಗೆಯ ತಪ್ಪು ನಡೆಯುತ್ತದೆ. ಕೆಲವರು ಪಾತ್ರೆಯ ತಳದಲ್ಲಿ ಸಾಬುದಾಣಿಯಂಥ ಸಣ್ಣ ಗುಳ್ಳೆ ಕಂಡೊಡನೆ, ಉಗಿ ಎದ್ದೊಡನೆ ಇಳಿಸಿಬಿಡುತ್ತಾರೆ. ಅದು ನೀರಿನಲ್ಲಿ ಕರಗಿದ್ದ ಗಾಳಿ ಹೊರಬರುವುದು, ಕುದಿಯಲ್ಲ. ಇನ್ನು ಕೆಲವರು ನೀರು ಮುಕ್ಕಾಲಿಗೆ ಇಳಿಯುವವರೆಗೆ ಹದಿನೈದು-ಇಪ್ಪತ್ತು ನಿಮಿಷ ಕುದಿಸುತ್ತಾರೆ. ಅದರಿಂದ ಉರುವಲು ಸುಡುತ್ತದೆಯೇ ಹೊರತು ಹೆಚ್ಚಿನ ಲಾಭವಿಲ್ಲ. ಚೌಟಿನಿಂದ ಕದಡಿದರೂ ನಿಲ್ಲದ ಹಾಗೆ ಇಡೀ ನೀರು ಮೇಲೆ-ಕೆಳಗೆ ಹೊರಳಿ ಕೊತಕೊತ ಕುದಿಯಬೇಕು, ಹಾಗೆ ಕುದಿಯಲು ಹತ್ತಿದ ಮೇಲೆ ಒಂದು ನಿಮಿಷ ಸಾಕು. ಎರಡು ಸಾವಿರ ಮೀಟರಿಗಿಂತ ಎತ್ತರದ ಬೆಟ್ಟದ ಊರುಗಳಲ್ಲಿ ಮೂರು ನಿಮಿಷ ಬೇಕು. ಯಾದಗಿರಿ, ಕಲಬುರಗಿ, ಬೀದರ್ ಯಾವುದೂ ಅಷ್ಟು ಎತ್ತರದಲ್ಲಿಲ್ಲ.

ಆಮೇಲೆ ಮುಚ್ಚಳ ತೆಗೆಯದೆ ಅದೇ ಪಾತ್ರೆಯಲ್ಲಿ ಆರಲು ಬಿಡಬೇಕು. ಬೇಗ ಆರಲೆಂದು ತಣ್ಣೀರು ಬೆರೆಸಿದರೆ ಕುದಿಸಿದ್ದೆಲ್ಲ ವ್ಯರ್ಥ. ಇದನ್ನು ಹೇಳಬೇಕಾಗಿಲ್ಲ ಎಂದುಕೊಂಡಿದ್ದೆ, ಆದರೆ ಕಳೆದ ಸಲ ಎರಡು ಮನೆಗಳಲ್ಲಿ ನಾನೇ ಕಣ್ಣಾರೆ ನೋಡಿದ್ದೇನೆ.

ಈಗ ಖರ್ಚಿನ ಲೆಕ್ಕ. ಆರು ಜನರ ಮನೆಗೆ ಕುಡಿಯಲು ದಿನಕ್ಕೆ ಒಂದು ಕೊಡ, ಅಂದರೆ ಹದಿನೈದು ಲೀಟರ್ ಬೇಕು ಎಂದು ಹಿಡಿಯೋಣ. ಅಡುಗೆಯ ನೀರು ಹೇಗೂ ಒಲೆಯ ಮೇಲೆಯೇ ಕುದಿಯುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ಒಂದು ಕೊಡ ನೀರನ್ನು ಕುದಿಗೆ ತರಲು ಸುಮಾರು 180 ಗ್ರಾಂ ಗ್ಯಾಸ್ ಹಿಡಿಯುತ್ತದೆ. ತಿಂಗಳಿಗೆ ಐದು ಕಿಲೋ ದಾಟುತ್ತದೆ, ಅಂದರೆ 14.2 ಕಿಲೋ ಸಿಲಿಂಡರಿನ ಮೂರನೆಯ ಒಂದು ಪಾಲಿಗಿಂತ ಹೆಚ್ಚು. ಮಳೆಗಾಲದ ನಾಲ್ಕು ತಿಂಗಳಿಗೆ ಒಂದೂವರೆ ಸಿಲಿಂಡರ್ ಬರೀ ನೀರಿಗೇ ಹೋಗುತ್ತದೆ. ಒಂದು ಒಲೆಯ ಮುಂದೆ ಸುಮಾರು ಒಂದು ಗಂಟೆಯ ಹೊತ್ತು ಬೇರೆ. ಕಟ್ಟಿಗೆಯ ಒಲೆಯಾದರೆ ಎರಡು-ಮೂರು ಕಿಲೋ ಕಟ್ಟಿಗೆ ಬೇಕು. ನಮ್ಮ ಮನೆಗಳಲ್ಲಿ ತೊಗರಿ ಕಟ್ಟಿಗೆಯೇ ಉರುವಲು. ಅದು ಬೇಸಿಗೆಯಲ್ಲಿ ಭಗ್ಗನೆ ಹತ್ತಿ ಉರಿಯುತ್ತದೆ, ಆದರೆ ಒಮ್ಮೆ ಮಳೆಗೆ ನೆನೆದರೆ ಬರೀ ಹೊಗೆ. ಅಂದರೆ ನೀರು ಕುದಿಸುವುದು ಬಹಳ ಅಗತ್ಯವಾಗಿರುವ ದಿನಗಳಲ್ಲಿಯೇ ಕುದಿಸುವುದು ಬಹಳ ಕಷ್ಟವಾಗುತ್ತದೆ. ಬಿತ್ತನೆಯ ಹೊತ್ತಿನಲ್ಲಿ ಬೆಳಗಿನ ಆರಕ್ಕೆ ಹೊಲಕ್ಕೆ ಹೊರಡುವ ಹೆಣ್ಣುಮಕ್ಕಳು ನಾಲ್ಕು ದಿನ ಕುದಿಸಿ ಐದನೆಯ ದಿನ ಬಿಡುತ್ತಾರೆ. ನಾನು ಅವರನ್ನು ದೂರುವುದಿಲ್ಲ. ಆದರೆ ಆ ಐದನೆಯ ದಿನದ ನೀರೇ ರೋಗ ತರಬಹುದು.

ಇನ್ನು ಕ್ಲೋರಿನ್. ನಾನು ಕೊಡುವ ಮಾತ್ರೆ ನುಂಗುವ ಗುಳಿಗೆಯಲ್ಲ, ನೀರಿಗೆ ಹಾಕುವುದು. ಇದನ್ನು ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಮಾತ್ರೆಗಳು ಬೇರೆ ಬೇರೆ ಅಳತೆಯಲ್ಲಿ ಬರುತ್ತವೆ. ಒಂದು ಲೀಟರಿಗೆ ಒಂದು ಹಾಕುವ ಚಿಕ್ಕ ಮಾತ್ರೆಯೂ ಇದೆ, ಇಪ್ಪತ್ತು ಲೀಟರಿಗೆ ಒಂದು ಹಾಕುವ ಮಾತ್ರೆಯೂ ಇದೆ, ನೋಡಲು ಎರಡೂ ಬೆಳ್ಳಗೆ ದುಂಡಗೆ ಇರುತ್ತವೆ. ಹಾಗಾಗಿ ಮಾತ್ರೆಯ ಪಟ್ಟಿಯ ಮೇಲೆ ಎಷ್ಟು ಲೀಟರಿಗೆ ಎಂದು ಬರೆದಿರುವುದನ್ನು ಓದಿಯೇ ಹಾಕಬೇಕು. ಓದಲು ಬರದಿದ್ದರೆ ಶಾಲೆಗೆ ಹೋಗುವ ಮಗುವಿನಿಂದ ಓದಿಸಿ, ಇಲ್ಲವೇ ನನ್ನನ್ನು ಕೇಳಿ. ಒಂದು ಲೀಟರಿನ ಮಾತ್ರೆಯನ್ನು ಕೊಡಕ್ಕೆ ಹಾಕಿದರೆ ಏನೂ ಉಪಯೋಗವಾಗುವುದಿಲ್ಲ, ಇಪ್ಪತ್ತು ಲೀಟರಿನದನ್ನು ತಂಬಿಗೆಗೆ ಹಾಕಿದರೆ ಬಾಯಿಗೆ ಇಡಲಾಗುವುದಿಲ್ಲ.

ಅದಕ್ಕೇ ಮೊದಲು ನಿಮ್ಮ ಪಾತ್ರೆಯನ್ನು ಅಳೆಯಿರಿ. ಒಂದು ಲೀಟರಿನ ಖಾಲಿ ನೀರಿನ ಬಾಟಲಿಯಿಂದ ಎಣಿಸಿ ಇಪ್ಪತ್ತು ಸಲ ಸುರಿಯಿರಿ, ನೀರು ನಿಂತ ಮಟ್ಟಕ್ಕೆ ಹೊರಗಿನಿಂದ ಬಣ್ಣದಲ್ಲೋ ಉಗುರಿನ ಪಾಲಿಶ್‌ನಲ್ಲೋ ಒಂದು ಗೆರೆ ಎಳೆಯಿರಿ. ಮುಂದೆ ಎಂದಿಗೂ ಲೆಕ್ಕ ಹಾಕಬೇಕಾಗಿಲ್ಲ: ಗೆರೆಯವರೆಗೆ ನೀರು, ಒಂದು ಮಾತ್ರೆ. ಮಾತ್ರೆ ಹಾಕಿ ಶುಭ್ರವಾದ ಉದ್ದ ಹಿಡಿಕೆಯ ಚೌಟಿನಿಂದ ಕದಡಿ, ಮುಚ್ಚಿ, ಒಂದು ಗಂಟೆ ಬಿಡಬೇಕು. ತಿಳಿನೀರಿಗೆ ಅರ್ಧ ಗಂಟೆ ಸಾಕಾಗುತ್ತದೆ, ಆದರೆ ಮಳೆಗಾಲದಲ್ಲಿ ನೀರು ಎಷ್ಟು ತಿಳಿಯಾಗಿದೆ ಎಂದು ಕಣ್ಣಿಗೆ ಹೇಳಲಾಗದ ಕಾರಣ ಒಂದು ಗಂಟೆಯ ಲೆಕ್ಕವನ್ನೇ ಇಟ್ಟುಕೊಳ್ಳೋಣ. ಇಪ್ಪತ್ತು ಲೀಟರಿನ ಮಾತ್ರೆಯನ್ನು ಹದಿನೈದು ಲೀಟರಿನ ಕೊಡಕ್ಕೆ ಹಾಕಿದರೆ ವಾಸನೆ ಸ್ವಲ್ಪ ಹೆಚ್ಚಾದೀತು, ಅಪಾಯವೇನಿಲ್ಲ. ಬಿಸಿನೀರಿಗೆ ಮಾತ್ರ ಹಾಕಬೇಡಿ, ಕ್ಲೋರಿನ್ ಹಾರಿಹೋಗುತ್ತದೆ.

ಕ್ಲೋರಿನ್ನಿನ ವಾಸನೆ ಹಲವರಿಗೆ ಸೇರುವುದಿಲ್ಲ. ಹೋದ ವರ್ಷ ಒಬ್ಬ ಅಜ್ಜಿ "ಆಸ್ಪತ್ರಿ ನೀರು ಕುಡದಂಗ ಆಗ್ತದ" ಎಂದು ಇಡೀ ಕೊಡವನ್ನು ಚೆಲ್ಲಿಸಿಬಿಟ್ಟರು. ಅವ್ವಾ, ಆ ಸಣ್ಣ ವಾಸನೆಯೇ ನಿಮ್ಮ ನೀರಿನಲ್ಲಿ ಕಾವಲು ಇನ್ನೂ ಉಳಿದಿದೆ ಎಂಬುದರ ಗುರುತು. ರಾತ್ರಿ ಮಲಗುವ ಮುನ್ನ ಮಾತ್ರೆ ಹಾಕಿ ಮುಚ್ಚಿಟ್ಟರೆ ಬೆಳಗಾಗುವಷ್ಟರಲ್ಲಿ ವಾಸನೆ ಬಹಳ ಇಳಿದಿರುತ್ತದೆ, ಕೆಲಸವೂ ಚೆನ್ನಾಗಿ ಆಗಿರುತ್ತದೆ. ಮೂಗು ಮುಚ್ಚಿಕೊಳ್ಳುವಷ್ಟು ವಾಸನೆ ಬಂದರೆ ಮಾತ್ರ ಅಳತೆ ತಪ್ಪಿದೆ ಎಂದು ತಿಳಿಯಬೇಕು. ಆಗ ಇನ್ನಷ್ಟು ನೀರು ಬೆರೆಸಿ ಮತ್ತೆ ಒಂದು ಗಂಟೆ ಬಿಡಿ.

ಇದಕ್ಕೆ ಎರಡು ಮಿತಿಗಳಿವೆ. ಒಂದನೆಯದು ರಾಡಿ. ಮಣ್ಣು, ಕಸ ಸೇರಿದ ನೀರಿಗೆ ಮಾತ್ರೆ ಹಾಕಿದರೆ ಕ್ಲೋರಿನ್ ಆ ಕಸದೊಂದಿಗೇ ಬೆರೆತು ಮುಗಿದುಹೋಗುತ್ತದೆ, ರೋಗಾಣುವಿಗೆ ಉಳಿಯುವುದಿಲ್ಲ. ಹಳೆಯ ಹತ್ತಿಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಅದರಿಂದ ನೀರನ್ನು ಸೋಸಿ, ರಾತ್ರಿಯಿಡೀ ಅಲುಗಾಡಿಸದೆ ಇಟ್ಟು, ಮೇಲಿನ ತಿಳಿಯನ್ನು ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಿ. ಆಮೇಲೂ ಸ್ವಲ್ಪ ಮಬ್ಬು ಕಂಡರೆ ಒಂದರ ಬದಲು ಎರಡು ಮಾತ್ರೆ ಹಾಕಬೇಕು. ಚಹಾದ ಬಣ್ಣ ಹೋಗದೇ ಇದ್ದರೆ ಆ ದಿನ ಕ್ಲೋರಿನ್ನನ್ನು ನಂಬಬೇಡಿ, ಸೋಸಿ ಕುದಿಸಿರಿ.

ಎರಡನೆಯ ಮಿತಿ ಪಾತ್ರೆಯದು, ಇದನ್ನು ನಮ್ಮ ಕಡೆಯ ಮನೆಗಳು ವಿಶೇಷವಾಗಿ ಗಮನಿಸಬೇಕು. ರಂಜಣಗಿ, ಹರವಿ, ಗಡಿಗೆಯಂಥ ಮಣ್ಣಿನ ಪಾತ್ರೆಗಳು ನೀರನ್ನು ತಂಪಾಗಿ ಇಡುತ್ತವೆ, ಆದರೆ ಅವುಗಳ ಮೈ ಕ್ಲೋರಿನ್ನನ್ನು ಬೇಗ ನುಂಗಿಬಿಡುತ್ತದೆ. ಬೆಳಿಗ್ಗೆ ಹಾಕಿದ ಮಾತ್ರೆಯ ಕಾವಲು ಮಣ್ಣಿನ ಪಾತ್ರೆಯಲ್ಲಿ ಪ್ಲಾಸ್ಟಿಕ್ ಕ್ಯಾನಿನಲ್ಲಿ ಉಳಿದಷ್ಟು ಹೊತ್ತು ಉಳಿಯುವುದಿಲ್ಲ. ತಾಮ್ರ, ಹಿತ್ತಾಳೆಯ ಕೊಡಗಳಲ್ಲೂ ಕ್ಲೋರಿನ್ ಬೇಗ ಕಡಿಮೆಯಾಗುತ್ತದೆ, ಪಾತ್ರೆಗೂ ಒಳ್ಳೆಯದಲ್ಲ. ಕ್ಲೋರಿನ್ ಹಾಕುವವರಿಗೆ ನಳ ಇರುವ, ಮುಚ್ಚಳ ಬಿಗಿಯಾಗಿ ಕೂರುವ ಇಪ್ಪತ್ತು ಲೀಟರಿನ ಪ್ಲಾಸ್ಟಿಕ್ ಕ್ಯಾನು ಎಲ್ಲಕ್ಕಿಂತ ಉತ್ತಮ. ಒಳಗೆ ಕೈ ಹೋಗುವ ದಾರಿಯೇ ಅಲ್ಲಿಲ್ಲ. ತಣ್ಣಗಿರಬೇಕೆಂದರೆ ಕ್ಯಾನಿನಲ್ಲಿ ಒಂದು ಗಂಟೆ ಕಳೆದ ನೀರನ್ನು ಆ ಹೊತ್ತಿಗೆ ಬೇಕಾದಷ್ಟು ಮಾತ್ರ ಗಡಿಗೆಗೆ ಸುರಿದುಕೊಳ್ಳಿ, ಗಡಿಗೆಯನ್ನು ದಿನವೂ ಖಾಲಿ ಮಾಡಿ ತೊಳೆಯಿರಿ.

ಬ್ಲೀಚಿಂಗ್ ಪುಡಿಯನ್ನೇ ಮನೆಯ ಕೊಡಕ್ಕೆ ಚಿಟಿಕೆ ಹಾಕಿದರೆ ಸಾಲದೇ ಎಂದು ಕೆಲವರು ಕೇಳಿದ್ದೀರಿ. ಹಾಕಬೇಡಿ. ಹೊಸ ಪುಡಿಯಲ್ಲಿ ನೂರಕ್ಕೆ ಮೂವತ್ತಮೂರರಷ್ಟು ಕ್ಲೋರಿನ್ ಇರುತ್ತದೆ, ಚೀಲ ಬಿಚ್ಚಿ ಗಾಳಿ, ಬಿಸಿಲು, ತೇವ ತಾಗಿದರೆ ಅದು ಇಳಿಯುತ್ತ ಹೋಗಿ ಕೊನೆಗೆ ಸುಣ್ಣವಷ್ಟೇ ಉಳಿಯುತ್ತದೆ. ನಿಮ್ಮ ಚಿಟಿಕೆಯಲ್ಲಿ ಎಷ್ಟು ಶಕ್ತಿಯಿದೆ ಎಂದು ಯಾರೂ ಹೇಳಲಾರರು. ಮಾತ್ರೆ ಸಿಗದೆ ಪುಡಿಯೊಂದೇ ಉಳಿದರೆ ನನ್ನನ್ನು ಕರೆಯಿರಿ. ಒಂದು ಲೀಟರ್ ನೀರಿಗೆ 33 ಗ್ರಾಂ ಹೊಸ ಪುಡಿಯನ್ನು ಪ್ಲಾಸ್ಟಿಕ್ ಪಾತ್ರೆಯಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನು ಬೆಳಕು ಬೀಳದ ಬಾಟಲಿಗೆ ತುಂಬಿ, ಆ ತಿಳಿಯಿಂದ ಇಪ್ಪತ್ತು ಲೀಟರಿಗೆ ನಾಲ್ಕು ಮಿಲಿಲೀಟರ್ ಹಾಕಬೇಕು. ಮಗುವಿನ ಔಷಧದ ಜೊತೆ ಬರುವ ಅಳತೆಯ ಮುಚ್ಚಳದಂಥ ಒಂದನ್ನು ಇದಕ್ಕೆಂದೇ ಎತ್ತಿಟ್ಟು, ಬೇರೆ ಯಾವುದಕ್ಕೂ ಬಳಸದೆ ಅಳೆಯಬಹುದು. ಈ ಕೆಲಸವನ್ನು ಒಂದು ಓಣಿಗೆ ಒಬ್ಬರಂತೆ ನನ್ನ ಎದುರಿಗೆ ಮಾಡೋಣ, ಮನೆಗೊಬ್ಬರು ತಮಗೆ ತೋಚಿದಂತೆ ಮಾಡುವುದು ಬೇಡ.

ಶುದ್ಧ ನೀರಿನ ಘಟಕದಿಂದ ನಾಣ್ಯ ಹಾಕಿ ಕ್ಯಾನು ತುಂಬಿಕೊಂಡು ಬರುವವರು ತಮಗೆ ಇದಾವುದೂ ಬೇಕಾಗಿಲ್ಲ ಎಂದು ಎದ್ದು ಹೋಗಬೇಡಿ. ಆ ಯಂತ್ರ ಉಪ್ಪು, ಫ್ಲೋರೈಡ್ ಜೊತೆಗೆ ಕ್ಲೋರಿನ್ನನ್ನೂ ತೆಗೆದುಬಿಡುತ್ತದೆ. ಘಟಕದ ನಳದಲ್ಲಿ ನೀರು ಶುದ್ಧವಾಗಿದ್ದರೂ, ನಿಮ್ಮ ಕ್ಯಾನಿನ ಒಳಗೆ ಪಾಚಿಯ ಜಾರು ಹತ್ತಿದ್ದರೆ ಅದು ಕುದಿಸಿ ರಂಜಣಗಿಗೆ ಸುರಿದ ನೀರಿನಂತೆಯೇ ಕಾವಲಿಲ್ಲದ ನೀರು. ಹಾಗೆಂದು ಆ ನೀರನ್ನು ಬಿಡಲೂ ಹೇಳಲಾರೆ. ಸುರಪುರ ಭಾಗದ ಕೆಲವು ಬೋರ್‌ವೆಲ್ಲುಗಳಲ್ಲಿ ಫ್ಲೋರೈಡ್, ಆರ್ಸೆನಿಕ್ ಇರುವುದು ಪರೀಕ್ಷೆಗಳಲ್ಲಿ ಕಂಡಿದೆ. ಕುದಿಸಿದರೂ ಅವು ಹೋಗುವುದಿಲ್ಲ, ಮಾತ್ರೆ ಹಾಕಿದರೂ ಹೋಗುವುದಿಲ್ಲ, ನೀರು ಆವಿಯಾಗುವುದರಿಂದ ಕುದಿಸಿದಾಗ ಚೂರು ಹೆಚ್ಚೇ ಆಗುತ್ತವೆ. ನಿಮ್ಮ ಬೋರ್‌ವೆಲ್ಲಿಗೆ ಕೆಂಪು ಬಣ್ಣ ಬಳಿದಿದ್ದರೆ ಅದರ ನೀರನ್ನು ಕುಡಿಯಲು, ಅಡುಗೆಗೆ ತರಲೇಬೇಡಿ, ಘಟಕದ ನೀರನ್ನೇ ತನ್ನಿ. ತಂದ ಕ್ಯಾನನ್ನು ವಾರಕ್ಕೊಮ್ಮೆ ಒಳಗೆಲ್ಲ ಉಜ್ಜಿ ತೊಳೆಯಿರಿ, ಮಳೆಗಾಲದಲ್ಲಿ ಮಾತ್ರೆಯನ್ನೂ ಹಾಕಿರಿ.

ಹಾಗಾದರೆ ಯಾವ ಮನೆಗೆ ಯಾವುದು? ಮೊದಲು ಹೇಳಿದ ಆ ತಾಯಿಯ ಮನೆಯನ್ನೇ ತೆಗೆದುಕೊಂಡು ಹೇಳುತ್ತೇನೆ. ಮನೆಯಲ್ಲಿ ಆರು ಜನ. ನಳ ಎರಡು ದಿನಕ್ಕೊಮ್ಮೆ. ಗಂಡ-ಹೆಂಡತಿ ಇಬ್ಬರೂ ಹೊಲಕ್ಕೆ ಹೋಗುತ್ತಾರೆ. ಹಗಲೆಲ್ಲ ಅತ್ತೆ ಮತ್ತು ಮಕ್ಕಳು ತಾವೇ ನೀರು ತೆಗೆದುಕೊಂಡು ಕುಡಿಯುತ್ತಾರೆ. ಇಂಥ ಮನೆಗೆ ಕುದಿಸುವುದೊಂದೇ ಸಾಲದು, ಏಕೆಂದರೆ ಕುದಿಸಿದವಳು ಹೊಲದಲ್ಲಿರುವಾಗ ನೀರಿನ ಮೇಲೆ ಕಣ್ಣಿಡುವವರು ಯಾರೂ ಇರುವುದಿಲ್ಲ. ನಾವು ಕೂಡಿ ಮಾಡಿದ ಏರ್ಪಾಡು ಹೀಗಿತ್ತು. ನಳ ಬಂದ ದಿನ ಎರಡು ಕ್ಯಾನುಗಳಿಗೆ ನೀರನ್ನು ಸೋಸಿ ತುಂಬುವುದು. ಆ ರಾತ್ರಿ ಒಂದಕ್ಕೆ ಮಾತ್ರೆ ಹಾಕುವುದು, ಮರುದಿನ ಅದನ್ನು ಕುಡಿಯುವುದು. ಎರಡನೆಯ ಕ್ಯಾನಿಗೆ ಮರುದಿನದ ರಾತ್ರಿ ಹಾಕುವುದು, ಏಕೆಂದರೆ ಮಾತ್ರೆಯ ಕಾವಲನ್ನು ಒಂದು ದಿನಕ್ಕಿಂತ ಹೆಚ್ಚು ನಂಬಬಾರದು. ಕ್ಯಾನನ್ನು ಮಗುವಿನ ಕೈಗೆ ಎಟಕುವ ಗೂಡಿನ ಮೇಲೆ ಇಟ್ಟೆವು, ನಳ ತಿರುಗಿಸುವುದನ್ನು ಅವನು ಒಂದೇ ದಿನದಲ್ಲಿ ಕಲಿತ. ರಂಜಣಗಿ ಈಗ ಪಾತ್ರೆ ತೊಳೆಯುವ ನೀರಿಗೆ ಇದೆ. ಎರಡು ದಿನಕ್ಕೆ ಎರಡು ಮಾತ್ರೆ, ಗ್ಯಾಸಿನ ಖರ್ಚಿಲ್ಲ. ಒಂದು ವಾರದ ನಂತರ ಬೆಳಿಗ್ಗೆ ಮತ್ತು ಸಂಜೆ ಎರಡು ಸಲ ಹೋಗಿ, ಕ್ಯಾನಿನ ನೀರನ್ನು ಹಿಡಿದು ಪರೀಕ್ಷೆಯ ಹನಿ ಹಾಕಿ ನೋಡಿದೆ. ಎರಡು ಸಲವೂ ತಿಳಿ ಹಳದಿ ಬಣ್ಣ ಬಂತು, ಅಂದರೆ ಸಂಜೆಯವರೆಗೂ ಕ್ಲೋರಿನ್ ಉಳಿದಿತ್ತು. ಅದೇ ಹನಿಯನ್ನು ರಂಜಣಗಿಯ ನೀರಿಗೆ ಹಾಕಿದಾಗ ಬಣ್ಣವೇ ಬರಲಿಲ್ಲ.

ಇದಕ್ಕೆ ವಿರುದ್ಧವಾದ ಮನೆಯೂ ನಮ್ಮಲ್ಲಿದೆ. ವಯಸ್ಸಾದ ಗಂಡ-ಹೆಂಡತಿ ಇಬ್ಬರೇ, ದಿನಕ್ಕೆ ಐದಾರು ಲೀಟರ್ ಸಾಕು, ನೀರು ತರುವುದು ತೆರೆದ ಬಾವಿಯಿಂದ, ಮಳೆ ಬಿದ್ದರೆ ಅದು ರಾಡಿಯಾಗುತ್ತದೆ. ಅವರಿಗೆ ಕುದಿಸುವುದೇ ಸರಿ. ಬೆಳಗಿನ ಅಡುಗೆ ಮುಗಿದ ಮೇಲೆ, ನೀರನ್ನು ಸೋಸಿ, ಒಂದು ದಿನಕ್ಕೆ ಬೇಕಾದಷ್ಟನ್ನು ಮಾತ್ರ ಕುದಿಸಿ, ಕುದಿಸಿದ ಪಾತ್ರೆಯಲ್ಲೇ ಮುಚ್ಚಿಟ್ಟು, ಉದ್ದ ಹಿಡಿಕೆಯ ಚೌಟಿನಿಂದ ತೆಗೆದುಕೊಂಡು, ಉಳಿದದ್ದನ್ನು ಮರುದಿನ ಪಾತ್ರೆ ತೊಳೆಯಲು ಬಳಸಬೇಕು. ಚೌಟನ್ನು ನೆಲದ ಮೇಲೆ ಇಡದೆ ಗೋಡೆಯ ಮೊಳೆಗೆ ತೂಗುಹಾಕಬೇಕು.

ಹೊಟ್ಟೆಯ ರೋಗದಿಂದ ಈಗಷ್ಟೇ ಎದ್ದವರು, ಎಚ್‌ಐವಿ ಅಥವಾ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಇರುವವರು ಮನೆಯಲ್ಲಿದ್ದರೆ, ಮನೆಗೆಲ್ಲ ಕ್ಲೋರಿನ್ ಹಾಕಿದರೂ ಅವರೊಬ್ಬರ ಎರಡು-ಮೂರು ಲೀಟರನ್ನು ಬೇರೆಯಾಗಿ ಕುದಿಸಿಡಿ. ಕ್ಲೋರಿನ್ನಿಗೆ ಬಗ್ಗದ ಆ ಗಟ್ಟಿ ಚಿಪ್ಪಿನ ಜೀವಿಗಳು ಇಂಥವರಿಗೇ ಹೆಚ್ಚು ಕಾಡುತ್ತವೆ. ಬಸುರಿ, ಬಾಣಂತಿಯರು ಸರಿಯಾದ ಅಳತೆಯ ಕ್ಲೋರಿನ್ ನೀರನ್ನು ಕುಡಿಯಬಹುದು, ಹೆದರಬೇಕಾಗಿಲ್ಲ. ಆರು ತಿಂಗಳು ತುಂಬದ ಕೂಸಿಗೆ ಮಾತ್ರ ಕುದಿಸಿದ್ದೂ ಬೇಡ, ಮಾತ್ರೆಯದ್ದೂ ಬೇಡ, ಗುಟ್ಟಿಯೂ ಬೇಡ. ತಾಯಿಯ ಹಾಲಿನಲ್ಲೇ ಅದಕ್ಕೆ ಬೇಕಾದ ನೀರು ಇದೆ.

ನಾಳೆಯಿಂದ ನಾನು ಹನುಮಂತ ದೇವರ ಗುಡಿಯ ಓಣಿಯಿಂದ ಆರಂಭಿಸಿ ದಿನಕ್ಕೆ ಇಪ್ಪತ್ತು ಮನೆಗಳಿಗೆ ಬರುತ್ತೇನೆ. ಕುಡಿಯುವ ನೀರು ತುಂಬಿಡುವ ಪಾತ್ರೆಯನ್ನು ತೊಳೆದು ಖಾಲಿ ಇಟ್ಟಿರಿ, ಒಂದು ಲೀಟರಿನ ಬಾಟಲಿಯನ್ನು ಪಕ್ಕದಲ್ಲಿ ಇಟ್ಟಿರಿ. ಕೂಡಿಯೇ ಅಳೆದು ಗೆರೆ ಎಳೆಯೋಣ, ಕುದಿಸುವ ಮನೆಯೋ ಕ್ಲೋರಿನ್ನಿನ ಮನೆಯೋ ಎಂದು ಅಲ್ಲಿಯೇ ಕುಳಿತು ತೀರ್ಮಾನಿಸೋಣ. ಮಾತ್ರೆ ಆರಿಸಿಕೊಂಡವರಿಗೆ ಹದಿನೈದು ದಿನಕ್ಕೆ ಆಗುವಷ್ಟನ್ನು ಎಣಿಸಿ ಕೊಡುತ್ತೇನೆ. ಹದಿನಾರನೆಯ ದಿನ ಮತ್ತೆ ಬಂದಾಗ ಮಾತ್ರೆಯ ಖಾಲಿ ಪಟ್ಟಿಯನ್ನು ತೋರಿಸಿರಿ, ನಿಮ್ಮ ಎದುರಿಗೇ ಹನಿ ಹಾಕಿ ಬಣ್ಣ ನೋಡುತ್ತೇನೆ. ಹನಿ ಹಾಕಿದ ನೀರನ್ನು ಮಾತ್ರ ಯಾರೂ ಕುಡಿಯಬಾರದು, ಅದನ್ನು ಮೋರಿಗೆ ಚೆಲ್ಲಿಬಿಡೋಣ.